ಹಿರಿಯರ ಸಮಯ, ಕಿರಿಯರ ಕಲಿಕೆ: ಎಂಜಿನಿಯರ್ ತಂಡದೊಳಗಿನ ಮಾರ್ಗದರ್ಶನದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ತಂಡವೊಂದನ್ನು ನಾನು ನೋಡಿಕೊಳ್ಳುತ್ತೇನೆ. ಹಣ ಪಾವತಿಯ ವ್ಯವಸ್ಥೆಯ ಒಳಭಾಗ ನಮ್ಮ ಕೆಲಸ. ಕಳೆದ ವರ್ಷ ತಂಡದಲ್ಲಿ 13 ಜನರಿದ್ದರು: ನಾಲ್ವರು ಹಿರಿಯರು, ಎರಡನೇ ವರ್ಷದಲ್ಲಿದ್ದ ಮೂವರು, ಜುಲೈನಲ್ಲಿ ಕಾಲೇಜಿನಿಂದ ನೇರವಾಗಿ ಬಂದ ಆರು ಫ್ರೆಷರ್‌ಗಳು. ಆಗಸ್ಟ್ ಮುಗಿಯುವ ಹೊತ್ತಿಗೆ ಹಿರಿಯರು ತಮ್ಮ ಕೆಲಸವನ್ನು ರಾತ್ರಿ ಮನೆಯಲ್ಲಿ ಮಾಡುವಂತಾಗಿತ್ತು. ಫ್ರೆಷರ್‌ಗಳಿಗಾದರೂ ಅನುಕೂಲವಾಗಿತ್ತೇ ಎಂದರೆ ಅದೂ ಇಲ್ಲ, ಅರ್ಧ ದಿನ ಉತ್ತರಕ್ಕಾಗಿ ಕಾಯುತ್ತಿದ್ದರು. ಅಲ್ಲಿಂದ ಮುಂದೆ ನಾವು ಕಟ್ಟಿದ ಮಾರ್ಗದರ್ಶನದ ಪದ್ಧತಿಯ ಬಗ್ಗೆ ಬೇರೆ ತಂಡಗಳವರು ಕೇಳುತ್ತಲೇ ಇರುತ್ತಾರೆ. ಆ ಪ್ರಶ್ನೆಗಳು ಮತ್ತು ನನ್ನ ಉತ್ತರಗಳು ಇಲ್ಲಿವೆ.

ಎಲ್ಲಿಂದ ಆರಂಭಿಸಬೇಕು?

ಎಣಿಕೆಯಿಂದ. ಜೋಡಿ ಮಾಡುವುದು, ಸಭೆ ಕರೆಯುವುದು, ಹೆಸರಿಡುವುದು ಎಲ್ಲವೂ ಆಮೇಲೆ. ಮೊದಲ ಎರಡು ವಾರ ನಮ್ಮ ನಾಲ್ವರು ಹಿರಿಯರೂ ಮೇಜಿನ ಮೇಲೆ ಒಂದು ಹಾಳೆ ಇಟ್ಟುಕೊಂಡರು. ಯಾರಾದರೂ ಕುರ್ಚಿಯ ಬಳಿ ಬಂದು ನಿಂತಾಗ ಅಥವಾ ಮೆಸೇಜ್ ಕಳಿಸಿ ಕೈಯಲ್ಲಿದ್ದ ಕೆಲಸ ನಿಲ್ಲಿಸಿದಾಗ ಒಂದು ಗೀಟು, ಪಕ್ಕದಲ್ಲಿ ಎರಡು ಪದದಲ್ಲಿ ವಿಷಯ. ಯಾರು ಕೇಳಿದರು ಎಂಬುದನ್ನು ಬರೆಯಬಾರದು ಎಂದು ಮೊದಲೇ ಹೇಳಿದ್ದೆ. ಹೆಸರು ಬರೆದರೆ ಆ ಹಾಳೆ ದೂರುಪಟ್ಟಿಯಾಗುತ್ತದೆ, ಮರುದಿನದಿಂದ ಯಾರೂ ಕೇಳುವುದಿಲ್ಲ.

ಹತ್ತು ಕೆಲಸದ ದಿನಗಳಲ್ಲಿ 440 ಗೀಟುಗಳು ಬಂದವು. ತಲಾ ದಿನಕ್ಕೆ 11 ಸಲ ಕೆಲಸ ನಿಂತಿತ್ತು. ಆದರೆ ಸರಾಸರಿ ನಿಜವನ್ನು ಮುಚ್ಚುತ್ತದೆ. ಒಬ್ಬರ ಹಾಳೆಯಲ್ಲಿ ದಿನಕ್ಕೆ 21 ಗೀಟುಗಳಿದ್ದವು, ಇನ್ನೊಬ್ಬರ ಹಾಳೆಯಲ್ಲಿ ಐದು. 21 ಇದ್ದವರು ನಗುಮುಖದವರು, ಬೇಸರಿಸದೆ ಹೇಳಿಕೊಡುವವರು. ಫ್ರೆಷರ್‌ಗಳು ಸಹಜವಾಗಿಯೇ ಅವರ ಹತ್ತಿರ ಹೋಗುತ್ತಿದ್ದರು. ತಂಡ ಕಳೆದುಕೊಳ್ಳಲು ಒಲ್ಲದ ವ್ಯಕ್ತಿಯ ಮೇಲೆಯೇ ಅತಿ ಹೆಚ್ಚು ಹೊರೆ ಬಿದ್ದಿತ್ತು ಎಂಬುದು ಆ ಹಾಳೆ ನೋಡುವವರೆಗೆ ನನಗೆ ತಿಳಿದಿರಲಿಲ್ಲ.

ಆಮೇಲೆ ಗೀಟುಗಳನ್ನು ವಿಷಯವಾರು ವಿಂಗಡಿಸಿದೆವು. ಸುಮಾರು 170 ಪ್ರಶ್ನೆಗಳು ಅನುಮತಿ, ಯಂತ್ರದ ಜೋಡಣೆ, ಯಾವ ಕಡತ ಎಲ್ಲಿದೆ ಎಂಬ ಬಗೆಯವು. ಸುಮಾರು 130 ಈ ದೋಷ ಏಕೆ ಬರುತ್ತಿದೆ, ಈ ಕೋಡ್ ಏನು ಮಾಡುತ್ತದೆ ಎಂಬವು. ಸುಮಾರು 90 ಪ್ರಶ್ನೆಗಳೇ ಅಲ್ಲ, 'ನನ್ನ ಕೋಡ್ ನೋಡಿದಿರಾ' ಎಂಬ ಜ್ಞಾಪನೆಗಳು. ಹಿರಿಯರ ಅನುಭವವೇ ಬೇಕಾದ ಪ್ರಶ್ನೆಗಳು, ಅಂದರೆ ಹೀಗೆ ಕಟ್ಟಬೇಕೋ ಹಾಗೆ ಕಟ್ಟಬೇಕೋ ಎಂಬಂಥವು, 50ರ ಆಸುಪಾಸಿನಲ್ಲಿದ್ದವು. 440ರಲ್ಲಿ 50. ನಾವು ಮುಂದೆ ಮಾಡಿದ್ದೆಲ್ಲ ಆ 50ಕ್ಕೆ ಹಿರಿಯರ ಪೂರ್ತಿ ಗಮನ ಸಿಗಲಿ, ಉಳಿದವು ಬೇರೆ ದಾರಿ ಹಿಡಿಯಲಿ ಎಂಬುದಕ್ಕಾಗಿ.

ಒಬ್ಬ ಹಿರಿಯರಿಗೆ ಒಬ್ಬ ಕಿರಿಯರನ್ನು ಜೋಡಿ ಮಾಡಿದರೆ ಸಾಲದೇ?

ಸಾಲುವುದಿಲ್ಲ. ನಾವೂ ಮೊದಲು ಅದನ್ನೇ ಮಾಡಿದ್ದೆವು. ನಾಲ್ವರಿಗೆ ಒಂಬತ್ತು ಜನರನ್ನು ಹಂಚಿದಾಗ ಒಬ್ಬೊಬ್ಬರಿಗೆ ಇಬ್ಬರು ಅಥವಾ ಮೂವರು ಬಂದರು. ಜೋಡಿಯ ಹಿರಿಯರು ರಜೆ ಹಾಕಿದ ದಿನ ಕಿರಿಯರ ಕೆಲಸವೂ ನಿಲ್ಲುತ್ತಿತ್ತು. ಜೊತೆಗೆ, ಹದಿನೈದು ವರ್ಷ ಅನುಭವವಿರುವವರಿಗೆ ಹೊಸಬರ ತೊಡಕು ಎಲ್ಲಿದೆ ಎಂದೇ ಕಾಣುವುದಿಲ್ಲ. ಅವರ ಕೈ ತಾನಾಗಿ ಮಾಡುವ ಹತ್ತು ಹೆಜ್ಜೆಗಳಲ್ಲಿ ಏಳನ್ನು ಹೇಳಲು ಮರೆಯುತ್ತಾರೆ.

ಹೋದ ವರ್ಷ ಅದೇ ಕಲ್ಲಿಗೆ ಎಡವಿದವರಿಗೆ ಕಲ್ಲು ಎಲ್ಲಿದೆ ಎಂದು ನೆನಪಿರುತ್ತದೆ. ಆದ್ದರಿಂದ ನಾವು ಮೆಟ್ಟಿಲುಗಳಂತೆ ಜೋಡಿಸಿದೆವು. ಎರಡನೇ ವರ್ಷದ ಮೂವರಿಗೆ ತಲಾ ಇಬ್ಬರು ಫ್ರೆಷರ್‌ಗಳು. ಹಿರಿಯರಲ್ಲಿ ಮೂವರು, ಎರಡನೇ ವರ್ಷದ ಒಬ್ಬೊಬ್ಬರನ್ನು ನೋಡಿಕೊಳ್ಳುತ್ತಾರೆ. ನಾಲ್ಕನೆಯ ಹಿರಿಯರು ವಾರಕ್ಕೊಮ್ಮೆ ಎಲ್ಲರನ್ನೂ ಕೂರಿಸಿಕೊಂಡು ಒಂದು ಗಂಟೆ ಕೋಡ್ ಓದಿಸುತ್ತಾರೆ. ಅನುಮತಿ, ಜೋಡಣೆ, ಸಾಮಾನ್ಯ ದೋಷಗಳ ಪ್ರಶ್ನೆಗಳು ಮೊದಲ ಮೆಟ್ಟಿಲಿನಲ್ಲೇ ಮುಗಿಯುತ್ತವೆ.

ಇದರಿಂದ ನಾನು ನಿರೀಕ್ಷಿಸಿರದ ಲಾಭ ಎರಡನೇ ವರ್ಷದವರಿಗಾಯಿತು. ಇನ್ನೊಬ್ಬರಿಗೆ ವಿವರಿಸಲು ಕುಳಿತಾಗ ತಮಗೆ ಅರ್ಧಂಬರ್ಧ ಗೊತ್ತಿದ್ದದ್ದು ಯಾವುದು ಎಂದು ಅವರಿಗೇ ಹೊಳೆಯಿತು. ಅದನ್ನು ಹಿಡಿದುಕೊಂಡು ಅವರು ತಮ್ಮ ಹಿರಿಯರ ಬಳಿ ಹೋದರು. ಮೇಲೆ ಹೋಗುವ ಪ್ರಶ್ನೆಗಳ ಸಂಖ್ಯೆ ಇಳಿಯಿತು, ಗುಣ ಏರಿತು.

ಎರಡನೇ ವರ್ಷದವರು ತಪ್ಪು ಹೇಳಿಕೊಟ್ಟರೆ?

ಕೊಡುತ್ತಾರೆ. ಅದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ತಪ್ಪು ಬೇಗ ಬೆಳಕಿಗೆ ಬರುವಂತೆ ಎರಡು ಏರ್ಪಾಡು ಮಾಡಿಕೊಂಡೆವು. ಮೊದಲನೆಯದು, ಉತ್ತರಗಳು ಖಾಸಗಿ ಮೆಸೇಜಿನಲ್ಲಿ ಅಲ್ಲ, ತಂಡದ ಸಾಮಾನ್ಯ ಗುಂಪಿನಲ್ಲಿ ಬರಬೇಕು. ಹಿರಿಯರು ದಿನಕ್ಕೊಮ್ಮೆ ಅದರ ಮೇಲೆ ಕಣ್ಣಾಡಿಸಿ, ತಪ್ಪಿದ್ದರೆ ಅಲ್ಲೇ ಕೆಳಗೆ ತಿದ್ದುತ್ತಾರೆ. ಹಾಗೆ ತಿದ್ದಿದವರು 'ನಾನೂ ಹಿಂದೆ ಹೀಗೆಯೇ ಅಂದುಕೊಂಡಿದ್ದೆ' ಎಂಬ ಮಾತು ಸೇರಿಸಿದರೆ ಯಾರಿಗೂ ನೋವಾಗುವುದಿಲ್ಲ, ಮರುದಿನವೂ ಉತ್ತರ ಕೊಡುವ ಧೈರ್ಯ ಉಳಿಯುತ್ತದೆ.

ಎರಡನೆಯದು, ಎರಡನೇ ವರ್ಷದವರು ಒಬ್ಬರೇ ಉತ್ತರಿಸಬಾರದ ವಿಷಯಗಳ ಚಿಕ್ಕ ಪಟ್ಟಿ. ನಮ್ಮಲ್ಲಿ ಅದು ಮೂರೇ ಸಾಲು: ಗ್ರಾಹಕರ ಹಣದ ಲೆಕ್ಕ ಬದಲಿಸುವ ಕೋಡ್, ಡೇಟಾಬೇಸಿನ ಕೋಷ್ಟಕದ ರಚನೆ ಬದಲಿಸುವ ಕೆಲಸ, ಪಾಸ್‌ವರ್ಡ್ ಮತ್ತು ಗುಪ್ತ ಕೀಲಿಗಳಿಗೆ ಸಂಬಂಧಿಸಿದ್ದು. ಪಟ್ಟಿ ಇನ್ನೂ ಉದ್ದವಾದರೆ ಎಲ್ಲ ಪ್ರಶ್ನೆಗಳೂ ಮತ್ತೆ ಹಿರಿಯರ ಮೇಜಿಗೇ ಬರುತ್ತವೆ.

ಹಿರಿಯರ ಎಷ್ಟು ಸಮಯ ತೆಗೆದಿಡಬೇಕು?

ನಾವು ವಾರದ 40 ಗಂಟೆಯಲ್ಲಿ ನಾಲ್ಕು ಗಂಟೆ ಎಂದು ನಿಗದಿ ಮಾಡಿದೆವು. ನಾಲ್ವರಿಗೆ ಒಟ್ಟು 16 ಗಂಟೆ. ಆದರೆ ಅದನ್ನು ಎಲ್ಲರಿಗೂ ಸಮನಾಗಿ ಹರಡಲಿಲ್ಲ. ಪ್ರತಿ ಹಿರಿಯರಿಗೂ ಮೂರು ಗಂಟೆ ಖಾಯಂ: ಒಂದು ಗಂಟೆ ತಮ್ಮ ಎರಡನೇ ವರ್ಷದವರೊಂದಿಗೆ (ನಾಲ್ಕನೆಯವರಿಗೆ ಕೋಡ್ ಓದಿಸುವ ಗಂಟೆ), ಎರಡು ಗಂಟೆ ಕೋಡ್ ರಿವ್ಯೂಗೆ. ಉಳಿದ ಸುಮಾರು ನಾಲ್ಕು ಗಂಟೆ ಸರದಿಯ ಮೇಲೆ ಒಬ್ಬರದೇ. ಆ ವಾರದ ಸರದಿಯವರು ಪ್ರತಿದಿನ ಮಧ್ಯಾಹ್ನ ಮೂರರಿಂದ ಮೂರೂ ಮುಕ್ಕಾಲರವರೆಗೆ ಯಾರು ಏನು ಬೇಕಾದರೂ ಕೇಳಲು ಸಿಗುತ್ತಾರೆ. ಉಳಿದ ಮೂವರು ಆ ವಾರ ನಿಶ್ಚಿಂತೆಯಿಂದ ತಮ್ಮ ಕೆಲಸ ಮಾಡುತ್ತಾರೆ. ಸರದಿಯ ವಾರ ಏಳು ಗಂಟೆ, ಉಳಿದ ಮೂರು ವಾರ ಮೂರು ಮೂರು ಗಂಟೆ, ಸರಾಸರಿ ನಾಲ್ಕು.

'ದಿನವಿಡೀ ನನ್ನ ಬಾಗಿಲು ತೆರೆದಿರುತ್ತದೆ' ಎನ್ನುವ ಹಿರಿಯರಿಗಿಂತ 'ಮೂರು ಗಂಟೆಗೆ ಬನ್ನಿ, ಪೂರ್ತಿ ನಿಮ್ಮವನು' ಎನ್ನುವ ಹಿರಿಯರು ಹೆಚ್ಚು ಕಲಿಸುತ್ತಾರೆ. ಮೊದಲನೆಯವರ ಒಂದು ಕಣ್ಣು ತಮ್ಮ ಪರದೆಯ ಮೇಲೆಯೇ ಇರುತ್ತದೆ.

ಈ ನಾಲ್ಕು ಗಂಟೆಯನ್ನು ಒಬ್ಬರು ಎರಡಕ್ಕೆ ಇಳಿಸೋಣ ಎಂದಿದ್ದರು. ಇಳಿಸಿದರೆ ಏನಾಗುತ್ತದೆ ಎಂಬುದಕ್ಕೆ ಹಳೆಯ ಗಣಿತವಿದೆ. ಡೆನ್ಮಾರ್ಕಿನ ಎರ್ಲಾಂಗ್ 1909ರಲ್ಲಿ ಕೋಪನ್‌ಹೇಗನ್‌ನ ದೂರವಾಣಿ ಕರೆಗಳ ದಟ್ಟಣೆಯ ಬಗ್ಗೆ ಬರೆದ ಪ್ರಬಂಧದಿಂದ ಬೆಳೆದ ಸರದಿ ಸಾಲಿನ ಲೆಕ್ಕ ಅದು. ಉತ್ತರಿಸುವವರು ಒಬ್ಬರೇ, ಪ್ರಶ್ನೆಗಳು ಯಾವ ಕ್ರಮವೂ ಇಲ್ಲದೆ ಬರುತ್ತವೆ, ಉತ್ತರಕ್ಕೆ ಹಿಡಿಯುವ ಹೊತ್ತೂ ಒಂದೊಂದು ಸಲ ಒಂದೊಂದು ಬಗೆ ಎಂದು ಇಟ್ಟುಕೊಳ್ಳಿ. ಅವರ ಸಮಯದ ಅರ್ಧದಷ್ಟು ತುಂಬಿದ್ದರೆ ಸಾಲಿನಲ್ಲಿ ನಿಂತವರು ಸರಾಸರಿ ಒಂದು ಉತ್ತರದಷ್ಟು ಹೊತ್ತು ಕಾಯುತ್ತಾರೆ. ಶೇ 80 ತುಂಬಿದರೆ ನಾಲ್ಕು ಉತ್ತರಗಳಷ್ಟು ಕಾಯಬೇಕು, ಶೇ 90 ಆದರೆ ಒಂಬತ್ತರಷ್ಟು. ಹೊರೆ ಸ್ವಲ್ಪವೇ ಹೆಚ್ಚಿದರೂ ಕಾಯುವಿಕೆ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಮುಕ್ಕಾಲು ಗಂಟೆಯ ತೆರೆದ ಸಮಯದಲ್ಲಿ ಹತ್ತು ಹದಿನೈದು ನಿಮಿಷ ಖಾಲಿ ಉಳಿದರೆ ಅದು ವ್ಯರ್ಥವಲ್ಲ, ಬೇಗ ಉತ್ತರ ಸಿಗುವುದು ಆ ಖಾಲಿ ಜಾಗದಿಂದಲೇ.

ಆ ಗಂಟೆಗಳನ್ನು ಸ್ಪ್ರಿಂಟ್ ಯೋಜನೆಯಿಂದ ಕಳೆಯಲೇಬೇಕೇ?

ಕಳೆಯಲೇಬೇಕು. ಸರದಿಯ ವಾರದಲ್ಲಿ ಆ ಹಿರಿಯರಿಗೆ ಒಂದು ದಿನದಷ್ಟು ಕಡಿಮೆ ಕೆಲಸ ಕೊಡುತ್ತೇವೆ. ಮೊದಲ ತಿಂಗಳು ನಾನು ಇದನ್ನು ಮಾಡಿರಲಿಲ್ಲ. ಮೂರು ಗಂಟೆಗೆ ಬಂದ ಹುಡುಗಿಯೊಬ್ಬಳು ಹಿರಿಯರು ಗಡಿಯಾರ ನೋಡಿದ್ದನ್ನು ಎರಡು ಸಲ ಗಮನಿಸಿ, ಪ್ರಶ್ನೆಯನ್ನು ಅರ್ಧಕ್ಕೇ ನಿಲ್ಲಿಸಿ ಎದ್ದು ಹೋದಳು. ತಪ್ಪು ಆ ಹಿರಿಯರದಲ್ಲ, ಸಮಯ ಕೇಳಿ ಕೆಲಸ ಇಳಿಸದ ನನ್ನದು. ವರ್ಷದ ಕೊನೆಯ ಮೌಲ್ಯಮಾಪನದಲ್ಲೂ ಈ ಕೆಲಸಕ್ಕೆ ಒಂದು ಸಾಲು ಇರಬೇಕು. ಇಲ್ಲದಿದ್ದರೆ ಕಲಿಸಿದವರಿಗೆ ನಷ್ಟ, ಕಲಿಸದೆ ಬಾಗಿಲು ಮುಚ್ಚಿ ಕೋಡ್ ಬರೆದವರಿಗೆ ಬಡ್ತಿ ಎಂದಾಗುತ್ತದೆ.

ಕೇಳುವ ಮುನ್ನ ಎಷ್ಟು ಹೊತ್ತು ತಾನೇ ಪ್ರಯತ್ನಿಸಬೇಕು?

ನಮ್ಮಲ್ಲಿ ಅರ್ಧ ಗಂಟೆ. ಈ ನಿಯಮಕ್ಕೆ ಎರಡು ಮುಖವಿದೆ. ಅರ್ಧ ಗಂಟೆಗೆ ಮುಂಚೆ ಕೇಳಬೇಡಿ ಎಂಬುದು ಎಲ್ಲರಿಗೂ ಅರ್ಥವಾಗುತ್ತದೆ. ಅರ್ಧ ಗಂಟೆ ಕಳೆದ ಮೇಲೆ ಕೇಳಲೇಬೇಕು ಎಂಬ ಇನ್ನೊಂದು ಮುಖವನ್ನು ಒತ್ತಿ ಹೇಳಬೇಕು. ಎರಡು ದಿನ ಒಂದೇ ದೋಷದ ಮುಂದೆ ಕುಳಿತ ಫ್ರೆಷರ್ ಯಾರ ಸಮಯವನ್ನೂ ಉಳಿಸಿಲ್ಲ.

ಆ ಅರ್ಧ ಗಂಟೆಯ ಕೊನೆಯಲ್ಲಿ ಪ್ರಶ್ನೆಯನ್ನು ಬರೆಯಬೇಕು. ಅದಕ್ಕೊಂದು ಮಾದರಿ ಕೊಟ್ಟಿದ್ದೇವೆ:

```
ಏನು ಮಾಡಲು ಹೊರಟಿದ್ದೇನೆ:
ಏನಾಗುತ್ತಿದೆ (ದೋಷದ ಪೂರ್ಣ ಸಾಲು):
ಏನೇನು ಪ್ರಯತ್ನಿಸಿದೆ:
ನನ್ನ ಊಹೆ:
ಯಾವಾಗ ಬೇಕು:
```

ಇದರಲ್ಲಿ ಬೆಲೆಬಾಳುವುದು ನಾಲ್ಕನೆಯ ಸಾಲು. ಊಹೆ ತಪ್ಪಾಗಿದ್ದರೂ ಸರಿ, ಆ ತಪ್ಪೇ ಕಲಿಸುವವರಿಗೆ ಎಲ್ಲಿಂದ ಆರಂಭಿಸಬೇಕೆಂದು ತೋರಿಸುತ್ತದೆ. ನಡೆದದ್ದೊಂದನ್ನು ಹೇಳುತ್ತೇನೆ. ಒಬ್ಬ ಹುಡುಗ ತನ್ನ ಲ್ಯಾಪ್‌ಟಾಪಿನಲ್ಲಿ ಡಾಕರ್ ಮೂಲಕ ನಮ್ಮ ಸೇವೆಯನ್ನೂ ಡೇಟಾಬೇಸನ್ನೂ ಎರಡು ಪ್ರತ್ಯೇಕ ಕಂಟೇನರ್‌ಗಳಲ್ಲಿ ಓಡಿಸುತ್ತಿದ್ದ. ಸೇವೆ ಡೇಟಾಬೇಸನ್ನು ತಲುಪುತ್ತಿರಲಿಲ್ಲ. ಅವನು ಬರೆದ ಎರಡನೆಯ ಸಾಲು ಹೀಗಿತ್ತು:

```
connection to server at "localhost" (127.0.0.1), port 5432 failed: Connection refused
```

'ಡೇಟಾಬೇಸ್ ಓಡುತ್ತಿಲ್ಲ' ಎಂಬುದು ಅವನ ಊಹೆ. ಅದನ್ನು ಮೂರು ಸಲ ನಿಲ್ಲಿಸಿ ಮತ್ತೆ ಆರಂಭಿಸಿದ್ದ. ಅವನನ್ನು ನೋಡಿಕೊಳ್ಳುತ್ತಿದ್ದ ಎರಡನೇ ವರ್ಷದವಳು ಉತ್ತರ ಹೇಳಲಿಲ್ಲ. "ನಿಮ್ಮ ಲ್ಯಾಪ್‌ಟಾಪಿನಿಂದ ನೇರವಾಗಿ ಡೇಟಾಬೇಸಿಗೆ ಹೋಗಿ ನೋಡಿದಿರಾ?" ಎಂದು ಕೇಳಿದಳು. ಅವನು ನೋಡಿದ, ತೆರೆಯಿತು. ಅಲ್ಲಿಗೆ ಅವನ ಊಹೆ ಬಿದ್ದುಹೋಯಿತು. "ಹಾಗಾದರೆ ಕಂಟೇನರಿನ ಒಳಗೆ ನಿಂತು `localhost` ಎಂದರೆ ಯಾವ ಯಂತ್ರ?" ಎಂದಳು. ಸ್ವಲ್ಪ ಹೊತ್ತು ಮೌನ. ಆಮೇಲೆ ಅವನೇ ಹೇಳಿದ, ಕಂಟೇನರಿನೊಳಗೆ ಆ ಹೆಸರು ಕಂಟೇನರನ್ನೇ ಸೂಚಿಸುತ್ತದೆ, ಅಲ್ಲಿ ಡೇಟಾಬೇಸ್ ಇಲ್ಲವೇ ಇಲ್ಲ ಎಂದು. ಕಂಪೋಸ್ ಕಡತದಲ್ಲಿ ಡೇಟಾಬೇಸಿಗೆ `db` ಎಂಬ ಹೆಸರಿತ್ತು. ವಿಳಾಸವನ್ನು ಅದಕ್ಕೆ ಬದಲಿಸಿದ ಮೇಲೆ ಕೆಲಸವಾಯಿತು. ಒಟ್ಟು ಹನ್ನೆರಡು ನಿಮಿಷ. ಹಿರಿಯರು ಯಾರೂ ಕುರ್ಚಿಯಿಂದ ಏಳಲಿಲ್ಲ.

'`localhost` ತೆಗೆದು `db` ಹಾಕಿ' ಎಂದಿದ್ದರೆ ಒಂದೇ ನಿಮಿಷ ಸಾಕಾಗುತ್ತಿತ್ತು. ಆದರೆ ಮುಂದಿನ ವಾರ ಬೇರೊಂದು ಸೇವೆಯಲ್ಲಿ ಅದೇ ತೊಡಕು ಬಂದಾಗ ಅವನು ಮತ್ತೆ ಬರುತ್ತಿದ್ದ. ಮುಂದಿನ ವಾರ ಅದು ಬಂತು, ಅವನು ಬರಲಿಲ್ಲ. ಪಕ್ಕದಲ್ಲಿದ್ದವನಿಗೆ ತಾನೇ ವಿವರಿಸುತ್ತಿದ್ದುದನ್ನು ನಾನು ಕೇಳಿಸಿಕೊಂಡೆ.

ಎಲ್ಲದಕ್ಕೂ ಅರ್ಧ ಗಂಟೆ ಕಾಯಬೇಕೇ?

ಇಲ್ಲ. ಗ್ರಾಹಕರು ಬಳಸುತ್ತಿರುವ ವ್ಯವಸ್ಥೆ ನಿಂತಿದ್ದರೆ, ಹಣ ತಪ್ಪಾಗಿ ಹೋಗುತ್ತಿದೆ ಎನಿಸಿದರೆ, ಗುಪ್ತ ಕೀಲಿ ಎಲ್ಲೋ ಹೊರಗೆ ಬಿದ್ದಿದ್ದರೆ, ಅಥವಾ ಅಳಿಸುವ ಆಜ್ಞೆಯೊಂದನ್ನು ಟೈಪ್ ಮಾಡಿ ಒತ್ತಲೋ ಬೇಡವೋ ಎಂದು ಬೆರಳು ನಿಂತಿದ್ದರೆ, ಆ ಕ್ಷಣವೇ ಫೋನ್ ಮಾಡಬೇಕು. ಊಟದ ಹೊತ್ತಾದರೂ ಸರಿ, ಸರದಿ ಯಾರದ್ದಾದರೂ ಸರಿ. ಸುಳ್ಳು ಗಾಬರಿಗೆ ಯಾರೂ ಗದರಬಾರದು ಎಂಬುದು ಹಿರಿಯರಿಗೆ ನಾವು ಹಾಕಿದ ಕಟ್ಟುನಿಟ್ಟಿನ ನಿಯಮ.

ಕೋಡ್ ರಿವ್ಯೂ ನಮ್ಮ ಹಿರಿಯರ ಅರ್ಧ ದಿನ ತಿನ್ನುತ್ತಿದೆ. ಏನು ಮಾಡುವುದು?

ಮೊದಲು ಗಾತ್ರ ನೋಡಿ. ಫ್ರೆಷರ್‌ಗಳು ವಾರವಿಡೀ ಬರೆದು ಶುಕ್ರವಾರ ಸಂಜೆ 900 ಸಾಲುಗಳ ಬದಲಾವಣೆಯನ್ನು ಒಟ್ಟಿಗೆ ಕಳಿಸುತ್ತಿದ್ದರು. ಅಷ್ಟುದ್ದದ್ದನ್ನು ಯಾರೂ ನಿಜವಾಗಿ ಓದುವುದಿಲ್ಲ. ಒಂದೋ ಮೇಲಿಂದ ಮೇಲೆ ನೋಡಿ ಒಪ್ಪುತ್ತಾರೆ, ಇಲ್ಲವೇ ನಾಳೆಗೆ ಮುಂದೂಡುತ್ತಾರೆ. ಅದರಿಂದಲೇ ಆ 90 ಜ್ಞಾಪನೆಗಳು. ಈಗ 250 ಸಾಲು ಮೀರಿದರೆ ಎರಡನೇ ವರ್ಷದವರೇ ವಾಪಸ್ ಕಳಿಸಿ, ಹೇಗೆ ಒಡೆಯಬೇಕೆಂದು ಜೊತೆಗೆ ಕುಳಿತು ತೋರಿಸುತ್ತಾರೆ. ಕೆಲಸವನ್ನು ಒಡೆಯಲು ಕಲಿಯುವುದು ಸ್ವತಃ ದೊಡ್ಡ ಪಾಠ. ಕಾಲೇಜಿನಲ್ಲಿ ಅದನ್ನು ಯಾರೂ ಕಲಿಸಿರುವುದಿಲ್ಲ.

ಆಮೇಲೆ ಓದುವವರ ಕ್ರಮ. ಮೊದಲ ಓದು ಎರಡನೇ ವರ್ಷದವರದು: ಹೆಸರುಗಳು, ಪರೀಕ್ಷೆಗಳು, ಬಿಟ್ಟುಹೋದ ಸಂದರ್ಭಗಳು. ಅಲ್ಪವಿರಾಮ, ಅಂತರ, ಸಾಲಿನ ಉದ್ದ ಇವನ್ನು ಮನುಷ್ಯರು ನೋಡಲೇಬಾರದು, ಅದಕ್ಕೆ ಸ್ವಯಂಚಾಲಿತ ಸಾಧನವಿದೆ. ಹಿರಿಯರಿಗೆ ಕೋಡ್ ತಲುಪುವಾಗ ಬರೆದವರೇ 'ಇಲ್ಲಿ ನನಗೆ ಸಂದೇಹವಿದೆ' ಎಂದು ಒಂದೆರಡು ಕಡೆ ಗುರುತು ಹಾಕಿರಬೇಕು. ಹಿರಿಯರು ಆ ಗುರುತುಗಳಿಂದಲೇ ಓದಲು ಆರಂಭಿಸುತ್ತಾರೆ. ಕೋಡಿನಲ್ಲಿ ನಿಜವಾದ ತೊಂದರೆ ಇದ್ದು, ಬರೆದವರ ಗುರುತು ಬೇರೆಲ್ಲೋ ಇದ್ದರೆ, ಆ ಅಂತರವೇ ಮುಂದಿನ ಪಾಠದ ವಿಷಯ.

ಬೆಳಿಗ್ಗೆ ಹತ್ತರಿಂದ ಹತ್ತೂವರೆಯವರೆಗೆ, ವಾರದಲ್ಲಿ ನಾಲ್ಕು ದಿನ, ಹಿರಿಯರೆಲ್ಲ ರಿವ್ಯೂಗೆ ಕೂರುತ್ತಾರೆ. ತಮ್ಮ ಕೋಡನ್ನು ಯಾವಾಗ ನೋಡುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ 'ನೋಡಿದಿರಾ' ಎಂಬ ಪ್ರಶ್ನೆ ಬಹುಮಟ್ಟಿಗೆ ನಿಂತಿತು.

ಕೆಲವರು ಏನನ್ನೂ ಕೇಳುವುದಿಲ್ಲ. ಅವರಿಗೆ ಎಲ್ಲವೂ ಗೊತ್ತಾಗುತ್ತಿದೆ ಎಂದುಕೊಳ್ಳಬಹುದೇ?

ದಯವಿಟ್ಟು ಹಾಗೆಂದುಕೊಳ್ಳಬೇಡಿ. ಹಿರಿಯರ ಹೊರೆ ಇಳಿಸಲು ಹೊರಟ ಪ್ರತಿ ತಂಡವೂ ಬೀಳಬಹುದಾದ ಹಳ್ಳ ಇದು. ಪ್ರಶ್ನೆಗಳು ಕಡಿಮೆಯಾದವು ಎಂದು ಸಂತೋಷಪಡುತ್ತೇವೆ, ಆದರೆ ಒಂದಿಬ್ಬರು ಮೌನಕ್ಕೆ ಜಾರಿರುತ್ತಾರೆ.

ನಮ್ಮ ಆರು ಫ್ರೆಷರ್‌ಗಳಲ್ಲಿ ಇಬ್ಬರು ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ ಎಂಜಿನಿಯರಿಂಗ್ ಮುಗಿಸಿ ಬಂದವರು. ಕೋಡ್ ಚೆನ್ನಾಗಿ ಬರೆಯುತ್ತಿದ್ದರು. ಆದರೆ ಗುಂಪಿನಲ್ಲಿ ಅವರ ಹೆಸರಿನ ಒಂದೇ ಒಂದು ಪ್ರಶ್ನೆ ಇರಲಿಲ್ಲ. ನಮ್ಮ ಮಾದರಿಯನ್ನು ಆಗ ಇಂಗ್ಲಿಷಿನಲ್ಲಿ ಇಟ್ಟಿದ್ದೆವು. ಒಬ್ಬ ಹುಡುಗಿ ನಂತರ ಹೇಳಿದಳು, "ಸರ್, ಪ್ರಶ್ನೆ ಹೊಳೆಯಲು ಐದು ನಿಮಿಷ ಸಾಕು, ಅದನ್ನು ಹನ್ನೆರಡು ಜನ ಓದುವ ಹಾಗೆ ಇಂಗ್ಲಿಷಿನಲ್ಲಿ ಬರೆಯಲು ನನಗೆ ಒಂದು ಗಂಟೆ ಬೇಕು. ಅಷ್ಟರಲ್ಲಿ ಕೇಳುವುದೇ ಬೇಡ ಅನ್ನಿಸುತ್ತದೆ." ಆ ದಿನವೇ ಮಾದರಿಯನ್ನು ಕನ್ನಡದಲ್ಲೂ ಹಾಕಿ, ಕನ್ನಡದಲ್ಲಿ ಬರೆಯಬಹುದು, ಮಾತನಾಡಿ ಧ್ವನಿ ಸಂದೇಶವನ್ನೂ ಕಳಿಸಬಹುದು ಎಂದೆವು. ಕನ್ನಡ ಬಾರದ ಸಹೋದ್ಯೋಗಿಗಳು ತಂಡದಲ್ಲಿದ್ದಾರೆ. ಅವರಿಗಾಗಿ, ಉತ್ತರ ಸಿಕ್ಕಮೇಲೆ ಎರಡು ಸಾಲಿನ ಸಾರಾಂಶವನ್ನು ಉತ್ತರಿಸಿದವರು ಇಂಗ್ಲಿಷಿನಲ್ಲಿ ಸೇರಿಸುತ್ತಾರೆ. ಕೇಳಿದವರ ಮೇಲೆ ಆ ಭಾರ ಹಾಕುವುದಿಲ್ಲ.

ಇನ್ನೊಂದು ಅಡ್ಡಿ ಮರ್ಯಾದೆಯದು. ಶಾಲೆಯಲ್ಲಿ 'ಅರ್ಥವಾಯಿತೇ' ಎಂದು ಮೇಷ್ಟ್ರು ಕೇಳಿದರೆ 'ಹೌದು ಸರ್' ಎನ್ನುವುದು ವಿನಯ. ಆ ವಿನಯ ಕಚೇರಿಗೂ ಬರುತ್ತದೆ. ಹಾಗಾಗಿ ಹಿರಿಯರಿಗೆ ಆ ಪ್ರಶ್ನೆಯನ್ನೇ ಕೇಳಬೇಡಿ ಎಂದಿದ್ದೇವೆ. ಅದರ ಬದಲು 'ಈಗ ನೀವು ಮೊದಲು ಯಾವ ಕಡತ ತೆರೆಯುತ್ತೀರಿ?' ಎಂದು ಕೇಳುತ್ತಾರೆ. ಉತ್ತರದಲ್ಲಿ ಅರ್ಥವಾಗಿದೆಯೋ ಇಲ್ಲವೋ ತಾನಾಗಿ ತಿಳಿಯುತ್ತದೆ, ಯಾರೂ 'ಇಲ್ಲ' ಎನ್ನಬೇಕಾಗಿಲ್ಲ.

ಮೌನವನ್ನು ಗುರುತಿಸಲು ಎರಡನೇ ವರ್ಷದವರು ಒಂದು ಸರಳ ಕೆಲಸ ಮಾಡುತ್ತಾರೆ. ಮೂರು ದಿನ ಒಂದೂ ಪ್ರಶ್ನೆ ಬರದವರ ಬಳಿ ತಾವೇ ಹೋಗಿ, ನಿನ್ನೆ ಬರೆದದ್ದನ್ನು ತೋರಿಸಿ ಎಂದು ಪಕ್ಕದಲ್ಲಿ ಕೂರುತ್ತಾರೆ.

ಎಲ್ಲವನ್ನೂ ದಾಖಲೆಯಲ್ಲಿ ಬರೆದಿಟ್ಟರೆ ಸಾಲದೇ?

ಆ 170 ಪ್ರಶ್ನೆಗಳಿಗೆ ಬಹಳಷ್ಟು ಸಾಲುತ್ತದೆ. ಆದರೆ ಹಿರಿಯರಿಂದ ಬರೆಸಬೇಡಿ. ಉತ್ತರ ಪಡೆದ ಫ್ರೆಷರ್ ಅದೇ ದಿನ ಬರೆಯಲಿ, ಎರಡನೇ ವರ್ಷದವರು ತಿದ್ದಲಿ. ಹೊಸಬರು ಸೇರಿದ ಮೊದಲ ವಾರ ಆ ಹೆಜ್ಜೆಗಳನ್ನು ಒಂದೊಂದಾಗಿ ಅನುಸರಿಸಿ, ಮುರಿದುಹೋದದ್ದನ್ನು ಸರಿಪಡಿಸುವುದೇ ಅವರ ಮೊದಲ ಕೆಲಸ.

ರಾತ್ರಿ ಪಾಳಿಯ ಆನ್‌ಕಾಲ್ ಕೆಲಸವನ್ನು ಹೇಗೆ ಕಲಿಸುವುದು?

ಮೂರು ಹಂತದಲ್ಲಿ. ಮೊದಲ ಸರದಿಯಲ್ಲಿ ಹಿರಿಯರು ಮಾಡುತ್ತಾರೆ, ಕಿರಿಯರು ನೋಡುತ್ತಾ ಪ್ರತಿ ಹೆಜ್ಜೆಯನ್ನು ಬರೆದುಕೊಳ್ಳುತ್ತಾರೆ. ಎರಡನೆಯದರಲ್ಲಿ ಕೀಲಿಮಣೆ ಕಿರಿಯರ ಕೈಯಲ್ಲಿ, ಹಿರಿಯರು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತಾರೆ, ಹಾನಿಯಾಗುವ ಹಾಗಿದ್ದರೆ ಮಾತ್ರ ತಡೆಯುತ್ತಾರೆ. ಮೂರನೆಯದರಲ್ಲಿ ಕಿರಿಯರು ಒಬ್ಬರೇ, ಹಿರಿಯರು ಫೋನಿನ ದೂರದಲ್ಲಿ. ಎರಡನೆಯ ಹಂತ ಹಿರಿಯರಿಗೆ ಅತ್ಯಂತ ಕಷ್ಟದ್ದು. ಅದನ್ನು ಹಾರಿ ಮೂರಕ್ಕೆ ಹೋದ ತಂಡಗಳಲ್ಲಿ ಕಿರಿಯರು ರಾತ್ರಿ ಎರಡು ಗಂಟೆಗೆ ಹೆದರಿ ಪ್ರತಿ ಎಚ್ಚರಿಕೆಗೂ ಹಿರಿಯರನ್ನು ಎಬ್ಬಿಸುತ್ತಾರೆ.

ಕಲಿಸಲು ಇಷ್ಟವೇ ಇಲ್ಲದ ಹಿರಿಯರನ್ನು ಏನು ಮಾಡುವುದು?

ಮುಖಾಮುಖಿ ಕಲಿಸುವಿಕೆಗೆ ಬಲವಂತ ಮಾಡಬೇಡಿ. ನಮ್ಮಲ್ಲಿ ದಿನಕ್ಕೆ ಐದು ಗೀಟುಗಳಿದ್ದವರು ಹೆಚ್ಚು ಮಾತಿನವರಲ್ಲ. ಅವರೇ ಈಗ ವಾರದ ಕೋಡ್ ಓದುವ ಗಂಟೆ ನಡೆಸುತ್ತಾರೆ. ಹಳೆಯ ದೋಷವೊಂದನ್ನು ಆರಿಸಿ, ಅದನ್ನು ಹೇಗೆ ಪತ್ತೆ ಮಾಡಿದರೆಂದು ಪರದೆಯ ಮೇಲೆ ತೋರಿಸುತ್ತಾ ಹೋಗುತ್ತಾರೆ. ಒಂಬತ್ತು ಜನರಿಗೆ ಒಟ್ಟಿಗೆ ಒಂದು ಗಂಟೆ, ಅವರ ಸ್ವಭಾವಕ್ಕೆ ಒಗ್ಗಿದ ಕ್ರಮ. ಸರದಿಯಿಂದ ಮಾತ್ರ ಅವರಿಗೂ ವಿನಾಯಿತಿ ಇಲ್ಲ.

ಪದ್ಧತಿ ಫಲ ಕೊಡುತ್ತಿದೆಯೇ ಎಂದು ಹೇಗೆ ತಿಳಿಯುವುದು?

ಮೊದಲಿನ ಹಾಳೆಯನ್ನು ಮತ್ತೆ ಹೊರಗೆ ತೆಗೆಯಿರಿ. ಹತ್ತು ವಾರಗಳ ನಂತರ ನಾವು ಮತ್ತೆ ಎಣಿಸಿದೆವು. ತೆರೆದ ಸಮಯ ಬಿಟ್ಟು ಉಳಿದ ಹೊತ್ತಿನಲ್ಲಿ ಕೆಲಸ ನಿಂತದ್ದು ತಲಾ ದಿನಕ್ಕೆ ನಾಲ್ಕು ಸಲ. 21 ಗೀಟುಗಳಿದ್ದವರದು ಆರಕ್ಕೆ ಇಳಿದಿತ್ತು. ಇದರ ಜೊತೆಗೆ ಇನ್ನೊಂದನ್ನು ನೋಡಲೇಬೇಕು: ಕೇಳಿದ ಪ್ರಶ್ನೆಗೆ ಉತ್ತರ ಬರಲು ಹಿಡಿದ ಸಮಯ. ಹಿರಿಯರ ಗೀಟು ಇಳಿದು, ಕಿರಿಯರ ಕಾಯುವಿಕೆ ಏರಿದ್ದರೆ ಹೊರೆ ಇಳಿದಿಲ್ಲ, ಒಬ್ಬರಿಂದ ಇನ್ನೊಬ್ಬರ ಹೆಗಲಿಗೆ ಹೋಗಿದೆ ಅಷ್ಟೆ. ನಮ್ಮಲ್ಲಿ ಬಹುತೇಕ ಪ್ರಶ್ನೆಗಳಿಗೆ ಒಂದು ಗಂಟೆಯೊಳಗೆ ಮೊದಲ ಉತ್ತರ ಬರುತ್ತಿತ್ತು.

ಎಲ್ಲವೂ ಸರಿಹೋಗಲಿಲ್ಲ. ಎರಡನೇ ವರ್ಷದವರನ್ನು ಎಣಿಸಲು ನಾವು ಮರೆತಿದ್ದೆವು. ಎಣಿಸಿದಾಗ ಅವರಲ್ಲಿ ಒಬ್ಬರಿಗೆ ದಿನಕ್ಕೆ 13 ಗೀಟುಗಳು ಬರುತ್ತಿದ್ದವು. ಅವರಿಗೂ ಈಗ ವಾರಕ್ಕೆ ನಾಲ್ಕು ಗಂಟೆಯ ಮಿತಿ, ಬೆಳಿಗ್ಗೆ ಎರಡು ಗಂಟೆ ಯಾರೂ ಮಾತನಾಡಿಸಬಾರದ ಸಮಯ ಮತ್ತು ಸ್ಪ್ರಿಂಟಿನಲ್ಲಿ ಇಳಿಕೆ ಇದೆ. ನೀವು ಆರಂಭಿಸುವಾಗಲೇ ಇದನ್ನು ಮಾಡಿ.

ಒಮ್ಮೆಗೇ ಹೆಚ್ಚು ಫ್ರೆಷರ್‌ಗಳು ಬಂದರೆ ಇದು ತಡೆದುಕೊಳ್ಳುತ್ತದೆಯೇ?

ಒಂದು ಮಿತಿಯವರೆಗೆ. ಮೊದಲ ಮೂರು ತಿಂಗಳು ಒಬ್ಬ ಫ್ರೆಷರ್‌ಗೆ ವಾರಕ್ಕೆ ಸುಮಾರು ಮೂರು ಗಂಟೆ ಇನ್ನೊಬ್ಬರ ಗಮನ ಬೇಕೆಂಬುದು ನಮ್ಮ ಅನುಭವ. ಕಳೆದ ವರ್ಷದ ತಂಡದ ಲೆಕ್ಕದಲ್ಲಿ ಆರು ಜನರಿಗೆ 18 ಗಂಟೆ. ಎರಡನೇ ವರ್ಷದ ಮೂವರಿಂದ 12 ಗಂಟೆ ಸಿಗುತ್ತದೆ. ಉಳಿದ ಆರು ಗಂಟೆ ಹಿರಿಯರ 16ರಿಂದ ಬರಬೇಕು. ಹಿರಿಯರ ಬಾಕಿ ಹತ್ತು ಗಂಟೆ ಎರಡನೇ ವರ್ಷದವರನ್ನು ಬೆಳೆಸಲು ಮತ್ತು ತಂಡದ ಉಳಿದ ರಿವ್ಯೂಗಳಿಗೆ ಹೋಗುತ್ತದೆ. ಆ ತಂಡಕ್ಕೆ ಹನ್ನೆರಡು ಫ್ರೆಷರ್‌ಗಳು ಬಂದಿದ್ದರೆ 36 ಗಂಟೆ ಬೇಕಿತ್ತು, ಇದ್ದ ಎಲ್ಲವನ್ನೂ ಸೇರಿಸಿದರೂ 28. ಯಾವ ಜಾಣತನದ ಜೋಡಣೆಯೂ ಆ ಎಂಟು ಗಂಟೆಯನ್ನು ತುಂಬುವುದಿಲ್ಲ.

ಈ ವರ್ಷ ನಮಗೆ ಹನ್ನೆರಡು ಜನ ಬರುವವರಿದ್ದರು. ಇದೇ ಬಗೆಯ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ನೇಮಕಾತಿ ವಿಭಾಗಕ್ಕೆ ಕೊಟ್ಟೆ. ಆರು ಜನ ಜುಲೈನಲ್ಲಿ ಸೇರಿದ್ದಾರೆ, ಉಳಿದ ಆರು ಜನ ಅಕ್ಟೋಬರ್ ಕೊನೆಗೆ ಬರುತ್ತಾರೆ. ಆ ಹೊತ್ತಿಗೆ ಜುಲೈನವರಿಗೆ ಬೇಕಾಗುವ ಗಮನ ಇಳಿದಿರುತ್ತದೆ, ಮತ್ತು ಕಳೆದ ವರ್ಷ `localhost` ಎದುರು ಕುಳಿತಿದ್ದ ಹುಡುಗ ಈಗ ಎರಡನೇ ವರ್ಷದಲ್ಲಿದ್ದಾನೆ. ಅಕ್ಟೋಬರಿನವರಲ್ಲಿ ಇಬ್ಬರು ಅವನ ಪಾಲಿಗೆ ಬರುತ್ತಾರೆ.